ಕಡ್ಡಿ ಪೂರ್ತಿ ಇದೆ, ಪುಟ ಮಾತ್ರ ತೆರೆಯುತ್ತಿಲ್ಲ

ಫೋನಿನ ಮೇಲ್ಮೂಲೆಯಲ್ಲಿ ಕಾಣುವ ವೈಫೈ ಕಡ್ಡಿಗಳು ಒಂದೇ ಒಂದು ಸಂಗತಿ ಹೇಳುತ್ತವೆ. ನಿಮ್ಮ ಕೈಯಲ್ಲಿರುವ ಫೋನಿಗೂ ಗೋಡೆಗೆ ಹಾಕಿರುವ ರೌಟರಿಗೂ ನಡುವೆ ರೇಡಿಯೊ ಅಲೆ ಎಷ್ಟು ಬಲವಾಗಿದೆ ಎಂಬುದನ್ನು, ಅಷ್ಟೇ. ಅಂದರೆ ಹತ್ತು ಹದಿನೈದು ಅಡಿಯ ಸುದ್ದಿ. ರೌಟರಿನಿಂದಾಚೆ ಫೈಬರ್ ಎಳೆ ಕಂಬದಿಂದ ಕಂಬಕ್ಕೆ ಹೋಗಿ, ಬಡಾವಣೆಯ ಆಪರೇಟರನ ಕೊಠಡಿ ಸೇರಿ, ಅಲ್ಲಿಂದ ಬೆಂಗಳೂರಿಗೋ ಚೆನ್ನೈಗೋ ದಾಟಿ, ನೀವು ಕೇಳಿದ ಪುಟ ಇರುವ ಕಂಪ್ಯೂಟರನ್ನು ಮುಟ್ಟಿ ಬರುವ ದಾರಿಯಿದೆಯಲ್ಲ, ಅದರ ಬಗ್ಗೆ ಆ ಕಡ್ಡಿಗಳಿಗೆ ಏನೂ ಗೊತ್ತಿಲ್ಲ. ಬೀದಿಯ ತುದಿಯಲ್ಲಿ ಒಳಚರಂಡಿಗೆಂದು ಅಗೆಯುತ್ತಿರುವ ಜೆಸಿಬಿ ಫೈಬರನ್ನು ಕಿತ್ತು ಹಾಕಿದ್ದರೂ ನಿಮ್ಮ ಫೋನಿನಲ್ಲಿ ಕಡ್ಡಿಗಳು ಪೂರ್ತಿಯೇ ಇರುತ್ತವೆ.

ಹಾಗಾಗಿ ‘ಕಡ್ಡಿ ಇದೆ, ನೆಟ್ ಇಲ್ಲ’ ಎಂಬುದು ಒಂದು ಕಾಯಿಲೆಯ ಹೆಸರಲ್ಲ. ಕನಿಷ್ಠ ಮೂರು ಬೇರೆ ಬೇರೆ ತೊಂದರೆಗಳು ಹೊರಗಿನಿಂದ ಹೀಗೇ ಕಾಣುತ್ತವೆ. ಮನೆಯೊಳಗಿನ ವಿಳಾಸಗಳು ಒಂದಕ್ಕೊಂದು ತಿಕ್ಕಾಡುತ್ತಿರಬಹುದು. ಜಾಲತಾಣದ ಹೆಸರನ್ನು ಸಂಖ್ಯೆಯಾಗಿ ಬದಲಿಸಿಕೊಡುವ ಡಿಎನ್‌ಎಸ್ ಉತ್ತರ ಕೊಡದೆ ಕೂತಿರಬಹುದು. ಇಲ್ಲವೇ ಸೇವೆ ಕೊಡುವ ಕಂಪನಿಯ ಕಡೆಯೇ ದಾರಿ ಕಡಿದಿರಬಹುದು. ಮೂರಕ್ಕೂ ನಾವು ಮಾಡುವುದು ಒಂದೇ ಔಷಧಿ: ರೌಟರ್ ಆಫ್ ಮಾಡಿ ಆನ್ ಮಾಡುವುದು. ಕೆಲವೊಮ್ಮೆ ಅದರಿಂದ ವಾಸಿಯಾಗುತ್ತದೆ. ಆದರೆ ಯಾವುದು ಕೆಟ್ಟಿತ್ತು ಎಂಬ ಗುರುತೂ ಅದರ ಜೊತೆಗೇ ಅಳಿಸಿಹೋಗುತ್ತದೆ, ನಾಳೆ ಸಂಜೆ ಅದೇ ತೊಂದರೆ ಮತ್ತೆ ಬರುತ್ತದೆ. ಸ್ವಿಚ್ಚಿಗೆ ಕೈ ಹಾಕುವ ಮೊದಲು ಎರಡು ನಿಮಿಷ ಪರೀಕ್ಷೆ ಮಾಡಿದರೆ ತಪ್ಪು ಎಲ್ಲಿದೆ ಎಂದು ಬಹುಪಾಲು ಸಲ ತಿಳಿಯುತ್ತದೆ. ಅದಕ್ಕೆ ತಂತ್ರಜ್ಞರೇ ಆಗಬೇಕಿಲ್ಲ.

ಪುಟ ತೆರೆಯುವ ಮುನ್ನ ಒಳಗೆ ಏನೇನು ನಡೆಯುತ್ತದೆ ಎಂದು ಮೊದಲು ನೋಡೋಣ. ವೈಫೈ ಪಾಸ್‌ವರ್ಡ್ ಒಪ್ಪಿತವಾದ ಕೂಡಲೇ ಫೋನು ‘ನನಗೊಂದು ವಿಳಾಸ ಕೊಡಿ’ ಎಂದು ಜಾಲದಲ್ಲಿರುವ ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ರೌಟರಿನೊಳಗಿರುವ ಡಿಎಚ್‌ಸಿಪಿ ಎಂಬ ವ್ಯವಸ್ಥೆ ಅದಕ್ಕೆ ಉತ್ತರವಾಗಿ ಮೂರು ಸಂಗತಿ ಕೊಡುತ್ತದೆ. ಒಂದು, ಫೋನಿನ ಸ್ವಂತ ಐಪಿ ವಿಳಾಸ, ಉದಾಹರಣೆಗೆ 192.168.1.23. ಎರಡು, ಗೇಟ್‌ವೇ, ಅಂದರೆ ಹೊರಗೆ ಹೋಗಬೇಕಾದರೆ ಯಾರ ಮೂಲಕ ಹೋಗಬೇಕು ಎಂಬುದು. ಇದು ಸಾಮಾನ್ಯವಾಗಿ ರೌಟರಿನದೇ ವಿಳಾಸ, 192.168.1.1. ಮೂರು, ಹೆಸರನ್ನು ಸಂಖ್ಯೆ ಮಾಡಿಕೊಡುವ ಡಿಎನ್‌ಎಸ್ ಯಾರು ಎಂಬುದು. ಆಮೇಲೆ ನೀವು ತಾಣದ ಹೆಸರು ಬರೆದಾಗ ಫೋನು ಡಿಎನ್‌ಎಸ್ ಕೇಳಿ ಸಂಖ್ಯೆ ಪಡೆಯುತ್ತದೆ, ಆ ಸಂಖ್ಯೆಗೆ ಗೇಟ್‌ವೇ ಮೂಲಕ ಮನವಿ ಕಳಿಸುತ್ತದೆ, ಪುಟ ಬರುತ್ತದೆ. ಈ ಸರಪಳಿಯಲ್ಲಿ ಎಲ್ಲಿ ಕೊಂಡಿ ಕಳಚಿದರೂ ಪರದೆಯ ಮೇಲೆ ಕಾಣುವುದು ಮಾತ್ರ ಅದೇ ಸುತ್ತುವ ಚಕ್ರ.

ಪರೀಕ್ಷೆಯನ್ನೂ ಇದೇ ಅನುಕ್ರಮದಲ್ಲಿ ಮಾಡಬೇಕು. ಮೊದಲು ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ. ಇದನ್ನು ಮರೆತರೆ ವೈಫೈ ಸತ್ತಿದ್ದರೂ ಫೋನು ಸದ್ದಿಲ್ಲದೆ ಸಿಮ್‌ನ ಡೇಟಾಕ್ಕೆ ಜಾರಿಕೊಂಡು ನಿಮ್ಮ ಪರೀಕ್ಷೆಯನ್ನೆಲ್ಲ ಸುಳ್ಳು ಮಾಡುತ್ತದೆ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ವೈಫೈಗೆ ಹೋಗಿ, ನಿಮ್ಮ ಜಾಲದ ಹೆಸರಿನ ಪಕ್ಕದ ಗುರುತು ಒತ್ತಿದರೆ ಐಪಿ ವಿಳಾಸ, ಗೇಟ್‌ವೇ, ಡಿಎನ್‌ಎಸ್ ಮೂರೂ ಕಾಣುತ್ತವೆ. ಬ್ರೌಸರಿನಲ್ಲಿ ಗೇಟ್‌ವೇ ಸಂಖ್ಯೆಯನ್ನೇ ಬರೆಯಿರಿ. ರೌಟರಿನ ಲಾಗಿನ್ ಪುಟ ಬಂದರೆ ಮನೆಯೊಳಗಿನ ದಾರಿ ಸರಿಯಿದೆ. ನಂತರ https://1.1.1.1 ಎಂದು ಬರೆಯಿರಿ. ಇದು ಕ್ಲೌಡ್‌ಫ್ಲೇರ್ ಕಂಪನಿ 2018ರಿಂದ ನಡೆಸುತ್ತಿರುವ ಸಾರ್ವಜನಿಕ ಡಿಎನ್‌ಎಸ್‌ನ ವಿಳಾಸ. ಇಲ್ಲಿ ಹೆಸರೇ ಇಲ್ಲದ ಕಾರಣ ಡಿಎನ್‌ಎಸ್ ಕೆಲಸವಿಲ್ಲದೆ ನೇರವಾಗಿ ತಲುಪಬಹುದು. ಪುಟ ಬಂದರೆ, ಅಥವಾ ವಿಳಾಸ ತಾನಾಗಿಯೇ one.one.one.one ಎಂದು ಬದಲಾಗಿ ಅಲ್ಲಿ ನಿಂತುಹೋದರೆ, ನಿಮ್ಮ ಮನವಿ ಹೊರಗೆ ಹೋಗಿ ಉತ್ತರ ತಂದಿದೆ ಎಂದೇ ಅರ್ಥ. ಕೊನೆಗೆ ಯಾವುದಾದರೂ ತಾಣದ ಹೆಸರು ಬರೆದು ನೋಡಿ.

ಮನೆಯಲ್ಲಿ ವಿಂಡೋಸ್ ಕಂಪ್ಯೂಟರ್ ಇದ್ದರೆ ಇನ್ನೂ ಸ್ಪಷ್ಟವಾಗಿ ತಿಳಿಯುತ್ತದೆ. ಕಮಾಂಡ್ ಪ್ರಾಂಪ್ಟ್ ತೆರೆದು ಒಂದಾದ ಮೇಲೊಂದು ಈ ನಾಲ್ಕು ಸಾಲು ಕೊಡಿ:

```
ipconfig /all
ping 192.168.1.1
ping 1.1.1.1
nslookup kn.wikipedia.org
```

ಮೊದಲ ಸಾಲು ವಿಳಾಸ ತೋರಿಸುತ್ತದೆ. ನಿಮ್ಮ ಗೇಟ್‌ವೇ ಬೇರೆ ಸಂಖ್ಯೆಯಾಗಿದ್ದರೆ ಎರಡನೇ ಸಾಲಿನಲ್ಲಿ ಅದನ್ನೇ ಹಾಕಿ. ಎರಡನೆಯದಕ್ಕೇ ಉತ್ತರ ಬರದಿದ್ದರೆ ತೊಂದರೆ ಮನೆಯೊಳಗಿದೆ. ಎರಡನೆಯದಕ್ಕೆ ಬಂದು ಮೂರನೆಯದಕ್ಕೆ ಬರದಿದ್ದರೆ ರೌಟರಿನಿಂದಾಚೆ ದಾರಿ ಕಡಿದಿದೆ. ಮೂರನೆಯದಕ್ಕೂ ಬಂದು ನಾಲ್ಕನೆಯದು ಮಾತ್ರ ಸೋತರೆ ಅದು ಡಿಎನ್‌ಎಸ್.

ಇವುಗಳಲ್ಲಿ ಜನರಿಗೆ ಅತ್ಯಂತ ಕಡಿಮೆ ಗೊತ್ತಿರುವುದು, ಕಸ್ಟಮರ್ ಕೇರ್‌ನವರೂ ಸಾಮಾನ್ಯವಾಗಿ ಕೇಳದೇ ಬಿಡುವುದು ವಿಳಾಸದ ತಿಕ್ಕಾಟ. ಮನೆಯವರೇ ಗೊತ್ತಿಲ್ಲದೆ ಮಾಡಿಕೊಂಡಿರುವ ತೊಂದರೆ ಅದು, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಶಿವಮೊಗ್ಗದಲ್ಲಿ ನನಗೆ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ ಆದದ್ದು ಇದು. ಕೆಳಗೆ ಮೇಷ್ಟ್ರು ಮತ್ತು ಅವರ ಮನೆಯವರು, ಮೇಲಿನ ಅಂತಸ್ತಿನಲ್ಲಿ ಮನೆಯಿಂದಲೇ ಆಫೀಸ್ ಕೆಲಸ ಮಾಡುವ ಮಗ. ‘ನೋಡಪ್ಪ, ಕಡ್ಡಿ ಪೂರ್ತಿ ಇದೆ. ಪೇಪರ್ ಓದೋಣ ಅಂತ ಕೂತರೆ ಚಕ್ರ ಸುತ್ತುತ್ತಾನೇ ಇರುತ್ತೆ. ಹತ್ತು ನಿಮಿಷ ಬಿಟ್ಟು ತಾನಾಗೇ ಬರುತ್ತೆ, ಮತ್ತೆ ಹೋಗುತ್ತೆ’ ಎಂದರು. ಕಂಪನಿಯ ಹುಡುಗ ಬಂದು ಫೈಬರ್ ಬಾಕ್ಸನ್ನೇ ಬದಲಿಸಿ ಹೋಗಿದ್ದ. ಏನೂ ಸುಧಾರಿಸಿರಲಿಲ್ಲ. ‘ಮೇಷ್ಟ್ರೇ, ಇದು ಶುರುವಾದದ್ದು ಯಾವಾಗಿಂದ?’ ಎಂದು ಕೇಳಿದರೆ, ‘ಮಗ ಮೇಲಿನ ರೂಮಿಗೂ ವೈಫೈ ಬರಲಿ ಅಂತ ಹಳೇ ರೌಟರ್ ಹಾಕಿಕೊಂಡ ಮೇಲೆ’ ಎಂದರು. ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಮಗ ಮಾಡಿದ್ದು ಸಾವಿರಾರು ಮನೆಗಳಲ್ಲಿ ಮಾಡುವ ಕೆಲಸವೇ. ಕೆಳಗಿನ ಫೈಬರ್ ಬಾಕ್ಸಿನಿಂದ ಒಂದು ಕೇಬಲ್ ಎಳೆದು, ಹಳೇ ಸಂಪರ್ಕದ ಕಾಲದ ರೌಟರಿನ ಲ್ಯಾನ್ ತೂತಿಗೆ ಚುಚ್ಚಿದ್ದ. ವೈಫೈ ಹೆಸರು, ಪಾಸ್‌ವರ್ಡ್ ಎರಡಕ್ಕೂ ಒಂದೇ ಇಟ್ಟಿದ್ದ. ಮನೆಯ ಎಲ್ಲ ಮೂಲೆಯಲ್ಲೂ ಕಡ್ಡಿ ತುಂಬಿಕೊಂಡಿತು. ಆದರೆ ಹಳೇ ರೌಟರು ತನ್ನನ್ನು ಇನ್ನೂ ಮನೆಯ ಯಜಮಾನನೆಂದೇ ತಿಳಿದಿತ್ತು. ಕಾರ್ಖಾನೆಯಿಂದ ಬರುವಾಗಲೇ ಅದರ ವಿಳಾಸ 192.168.1.1. ಹೊಸ ಬಾಕ್ಸಿನದೂ ಅದೇ. ಎರಡರಲ್ಲೂ ವಿಳಾಸ ಹಂಚುವ ಡಿಎಚ್‌ಸಿಪಿ ಚಾಲೂ ಇತ್ತು. 192.168ರಿಂದ ಶುರುವಾಗುವ ವಿಳಾಸಗಳನ್ನು ಖಾಸಗಿ ಜಾಲಗಳ ಬಳಕೆಗೆಂದೇ 1996ರ ಮಾನದಂಡದಲ್ಲಿ ಎತ್ತಿಟ್ಟಿದ್ದಾರೆ. ಲೋಕದ ಲೆಕ್ಕವಿಲ್ಲದಷ್ಟು ಮನೆಗಳಲ್ಲಿ ಅವೇ ಸಂಖ್ಯೆ ಇದ್ದರೂ ತೊಂದರೆಯಿಲ್ಲ. ಒಂದೇ ಮನೆಯೊಳಗೆ ಇಬ್ಬರಿಗೆ ಒಂದೇ ಸಂಖ್ಯೆ ಬಂದಾಗ ಮಾತ್ರ ಕಷ್ಟ.

ಒಂದೇ ಬೀದಿಯ ಎರಡು ಮನೆಗೆ ಒಂದೇ ಡೋರ್ ನಂಬರ್ ಬರೆದಿದ್ದರೆ ಅಂಚೆಯವನು ಇವತ್ತು ಈ ಮನೆಗೆ, ನಾಳೆ ಆ ಮನೆಗೆ ಕಾಗದ ಹಾಕುತ್ತಾನೆ. ಇಲ್ಲೂ ಹಾಗೆಯೇ ಆಯಿತು. ಫೋನು ಗೇಟ್‌ವೇಗೆ ಏನಾದರೂ ಕಳಿಸಬೇಕಾದರೆ ಐಪಿ ಸಂಖ್ಯೆ ಸಾಲದು, ಆ ಸಂಖ್ಯೆಯ ಹಿಂದಿರುವ ಯಂತ್ರದ ಹುಟ್ಟುಗುರುತು ಬೇಕು. ಇದನ್ನು ಮ್ಯಾಕ್ ವಿಳಾಸ ಎನ್ನುತ್ತಾರೆ. ಅದಕ್ಕಾಗಿ ಫೋನು ‘192.168.1.1 ಯಾರು?’ ಎಂದು ಕೇಳುತ್ತದೆ. ಮೇಷ್ಟ್ರ ಮನೆಯಲ್ಲಿ ಇಬ್ಬರೂ ‘ನಾನೇ’ ಎನ್ನುತ್ತಿದ್ದರು. ಫೋನು ಒಬ್ಬರ ಮಾತು ನಂಬಿ ಕೆಲವು ನಿಮಿಷ ಅದನ್ನೇ ನೆನಪಿಟ್ಟುಕೊಳ್ಳುತ್ತದೆ, ಆಮೇಲೆ ಮತ್ತೆ ಕೇಳುತ್ತದೆ. ಹೊಸ ಬಾಕ್ಸಿನ ಉತ್ತರ ನಂಬಿದ ನಿಮಿಷಗಳಲ್ಲಿ ಎಲ್ಲವೂ ಸಲೀಸು. ಹಳೇ ರೌಟರಿನ ಉತ್ತರ ನಂಬಿದಾಗ ಮನವಿಗಳೆಲ್ಲ ಅದರ ಕೈ ಸೇರುತ್ತಿದ್ದವು. ಅದರ ಹೊರದಾರಿಯ ತೂತು, ಅಂದರೆ ವ್ಯಾನ್ ಪೋರ್ಟ್, ಖಾಲಿ. ಕಳಿಸಲು ದಾರಿಯಿಲ್ಲದೆ ಬಂದದ್ದನ್ನೆಲ್ಲ ಅದು ಚೆಲ್ಲುತ್ತಿತ್ತು. ಹತ್ತು ನಿಮಿಷಕ್ಕೊಮ್ಮೆ ನೆಟ್ ಬಂದು ಹೋಗುವುದರ ಗುಟ್ಟು ಇದೇ. ವಾಟ್ಸ್ಆ್ಯಪ್ ಸಂದೇಶಗಳು ‘ಬರುತ್ತಿವೆ’ ಎಂದು ಮನೆಯವರಿಗೆ ಅನ್ನಿಸಿದ್ದೂ ಇದರಿಂದಲೇ. ಒಳ್ಳೆಯ ನಿಮಿಷಗಳಲ್ಲಿ ಅವು ಒಟ್ಟಿಗೆ ಬಂದು ಬೀಳುತ್ತಿದ್ದವು, ತಡವಾದದ್ದು ಯಾರ ಗಮನಕ್ಕೂ ಬರುತ್ತಿರಲಿಲ್ಲ.

ಈ ತೊಂದರೆ ಫೋನಿನ ಪರದೆಯಲ್ಲಿ ಕಾಣುವುದಿಲ್ಲ ಎಂಬುದನ್ನು ಗಮನಿಸಿ. ಯಾವ ರೌಟರು ವಿಳಾಸ ಕೊಟ್ಟಿದ್ದರೂ ಗೇಟ್‌ವೇ 192.168.1.1 ಎಂದೇ ತೋರುತ್ತದೆ, ಡಿಎನ್‌ಎಸ್ ಕೂಡ ಅದೇ. ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ಕಂಡುಹಿಡಿಯಲು ಎರಡು ದಾರಿಯಿವೆ. ಬ್ರೌಸರಿನಲ್ಲಿ 192.168.1.1 ತೆರೆದಾಗ ಒಮ್ಮೆ ಹೊಸ ಬಾಕ್ಸಿನ ಲಾಗಿನ್ ಪುಟ, ಇನ್ನೊಮ್ಮೆ ಹಳೇ ಕಂಪನಿಯ ಲಾಗಿನ್ ಪುಟ ಬಂದರೆ ಸಾಕ್ಷಿ ಸಿಕ್ಕಂತೆಯೇ. ಇಲ್ಲವಾದರೆ ಕಂಪ್ಯೂಟರಿನಲ್ಲಿ `arp -a` ಎಂದು ಕೊಟ್ಟು, ನೆಟ್ ಇರುವಾಗ ಒಮ್ಮೆ, ಇಲ್ಲದಿರುವಾಗ ಒಮ್ಮೆ ಗೇಟ್‌ವೇ ಸಾಲನ್ನು ನೋಡಬೇಕು. ಎರಡು ಸಲ ಹೀಗೆ ಬೇರೆ ಬೇರೆ ಬಂದರೆ ಒಂದೇ ಸಂಖ್ಯೆಯ ಹಿಂದೆ ಎರಡು ಯಂತ್ರ ಇವೆ:

```
192.168.1.1    00-00-5e-00-53-0a
192.168.1.1    00-00-5e-00-53-4f
```

ಮೇಲಿನ ಅಂತಸ್ತಿಗೆ ಹೋಗುವ ಕೇಬಲನ್ನು ಕಿತ್ತೆವು. ಕೆಳಗೆ ನೆಟ್ ನಿಂತಿತು, ಅಂದರೆ ಬಂದದ್ದು ಮತ್ತೆ ಹೋಗಲಿಲ್ಲ. ಚುಚ್ಚಿದೆವು, ಸ್ವಲ್ಪ ಹೊತ್ತಿಗೆ ಮತ್ತೆ ಚಕ್ರ.

ಸರಿಪಡಿಸುವುದು ಕಷ್ಟವೇನಲ್ಲ, ಆದರೆ ಅನುಕ್ರಮ ತಪ್ಪಬಾರದು. ಹಳೇ ರೌಟರನ್ನು ಮನೆಯ ಜಾಲದಿಂದ ಬಿಡಿಸಿ, ಒಂದು ಕಂಪ್ಯೂಟರಿಗೆ ಮಾತ್ರ ಕೇಬಲಿನಲ್ಲಿ ಜೋಡಿಸಿಕೊಳ್ಳಬೇಕು. 192.168.1.1 ತೆರೆದು, ಲ್ಯಾನ್ ಸೆಟ್ಟಿಂಗ್‌ನಲ್ಲಿ ಅದರ ವಿಳಾಸವನ್ನು 192.168.1.2 ಎಂದು ಬದಲಿಸಬೇಕು. ರೌಟರ್ ಮತ್ತೆ ಎದ್ದ ಮೇಲೆ 192.168.1.2 ಎಂಬ ಹೊಸ ವಿಳಾಸದಲ್ಲಿ ಲಾಗಿನ್ ಆಗಿ ಅದರ ಡಿಎಚ್‌ಸಿಪಿಯನ್ನು ಆಫ್ ಮಾಡಬೇಕು. ಇಷ್ಟಾದ ಮೇಲೆ ಕೆಳಗಿನಿಂದ ಬರುವ ಕೇಬಲನ್ನು ಲ್ಯಾನ್ ತೂತಿಗೇ ಚುಚ್ಚಬೇಕು. ಇನ್ನು ಮುಂದೆ ಅದು ಬರೀ ವೈಫೈ ಹರಡುವ ಯಂತ್ರ. ವಿಳಾಸ ಹಂಚುವುದು, ಹೊರಗೆ ಕಳಿಸುವುದು ಕೆಳಗಿನ ಬಾಕ್ಸಿನ ಕೆಲಸ. ಕೆಳಗಿನ ಬಾಕ್ಸಿನಲ್ಲೂ ಒಂದು ಕೆಲಸ ಮಾಡಿದೆವು: ವಿಳಾಸ ಹಂಚುವ ಸಾಲನ್ನು 192.168.1.20ರಿಂದ ಶುರುವಾಗುವಂತೆ ಇಟ್ಟೆವು. 2ರಿಂದ 19ರವರೆಗಿನ ಸಂಖ್ಯೆಗಳು ಕೈಯಾರೆ ವಿಳಾಸ ಕೊಡುವ ಯಂತ್ರಗಳಿಗೆಂದು ಖಾಲಿ ಉಳಿದವು.

ಆ ಖಾಲಿ ಜಾಗ ಏಕೆ ಬೇಕು ಎಂದರೆ, ತಿಕ್ಕಾಟಕ್ಕೆ ಇನ್ನೊಂದು ಕಾರಣ ಸಿಸಿಟಿವಿ. ಕ್ಯಾಮೆರಾ ಹಾಕಲು ಬಂದವರು ಡಿವಿಆರ್ ಪೆಟ್ಟಿಗೆಗೆ 192.168.1.50 ಎಂದೋ ಮತ್ತೊಂದೋ ಸಂಖ್ಯೆಯನ್ನು ಖಾಯಂ ಬರೆದು ಹೋಗುತ್ತಾರೆ. ಅದು ರೌಟರ್ ಹಂಚುವ ಸಾಲಿನೊಳಗೇ ಇರುತ್ತದೆ. ಡಿವಿಆರ್ ಆಫ್ ಆಗಿದ್ದಾಗ ರೌಟರು ‘50 ಖಾಲಿಯಿದೆ’ ಎಂದುಕೊಂಡು ಯಾರದೋ ಫೋನಿಗೆ ಅದನ್ನು ಕೊಡುತ್ತದೆ. ಡಿವಿಆರ್ ಮತ್ತೆ ಎದ್ದ ಕ್ಷಣದಿಂದ ಇಬ್ಬರೂ ಒದ್ದಾಡುತ್ತಾರೆ. ಇಂಥ ತಿಕ್ಕಾಟದಲ್ಲಿ ತೊಂದರೆಯಾಗುವುದು ಆ ಎರಡು ಯಂತ್ರಗಳಿಗೆ ಮಾತ್ರ, ಮನೆಯ ಉಳಿದವರ ನೆಟ್ ಚೆನ್ನಾಗಿಯೇ ಇರುತ್ತದೆ. ‘ನನ್ನ ಫೋನಲ್ಲಿ ಮಾತ್ರ ಬರಲ್ಲ’ ಎಂಬ ದೂರು ಕೇಳಿದಾಗ ಮೊದಲು ಇದನ್ನು ನೆನೆಯಬೇಕು. ಜಾಲವನ್ನು ಮರೆತು ಮತ್ತೆ ಸೇರಿದರೆ ಹೊಸ ಸಂಖ್ಯೆ ಸಿಕ್ಕು ತಾತ್ಕಾಲಿಕವಾಗಿ ಸರಿಹೋಗಬಹುದು. ಡಿವಿಆರ್‌ನ ಸಂಖ್ಯೆಯನ್ನು ಹಂಚುವ ಸಾಲಿನಿಂದ ಹೊರಗೆ ಇಡುವುದೇ ಖಾಯಂ ಪರಿಹಾರ.

ಕಂಪ್ಯೂಟರಿನ ವಿಳಾಸ 169.254ರಿಂದ ಶುರುವಾಗಿದ್ದರೆ ಅದು ಬೇರೆ ಕಥೆ. ವಿಳಾಸ ಕೊಡಿ ಎಂದು ಕೂಗಿದರೂ ಯಾರೂ ಕೊಡದಿದ್ದಾಗ ವಿಂಡೋಸ್ ಮತ್ತು ಆಪಲ್ ಯಂತ್ರಗಳು ತಾವೇ ಹಚ್ಚಿಕೊಳ್ಳುವ ಸಂಖ್ಯೆ ಅದು. ರೌಟರಿನ ಡಿಎಚ್‌ಸಿಪಿ ನಿಂತುಹೋಗಿದೆ ಎಂದರ್ಥ. ರೌಟರ್ ಆಫ್ ಮಾಡಿ ಆನ್ ಮಾಡುವ ಔಷಧಿ ನಿಜವಾಗಿ ಕೆಲಸ ಮಾಡುವುದು ಇಂಥ ಕಡೆ.

ಇನ್ನು ಡಿಎನ್‌ಎಸ್. ಹಿಂದೆ ಅಂತರಜಾಲ ಚಿಕ್ಕದಿದ್ದಾಗ ಎಲ್ಲ ಕಂಪ್ಯೂಟರುಗಳ ಹೆಸರು ಮತ್ತು ಸಂಖ್ಯೆಯ ಪಟ್ಟಿ ಒಂದೇ ಕಡತದಲ್ಲಿತ್ತು, ಎಲ್ಲರೂ ಅದರ ಪ್ರತಿ ತರಿಸಿಕೊಳ್ಳುತ್ತಿದ್ದರು. ಅದು ನಿಭಾಯಿಸಲಾಗದಷ್ಟು ಬೆಳೆದಾಗ 1983ರಲ್ಲಿ ಪಾಲ್ ಮಾಕಪೆಟ್ರಿಸ್ ಈಗಿನ ಹಂಚಿಕೆಯ ವ್ಯವಸ್ಥೆಯನ್ನು ರೂಪಿಸಿದರು. ನಮ್ಮ ಮನೆಗಳಲ್ಲಿ ಅದು ನಡೆಯುವುದು ಹೀಗೆ: ಫೋನು ರೌಟರನ್ನು ಕೇಳುತ್ತದೆ, ರೌಟರು ಕಂಪನಿಯ ಡಿಎನ್‌ಎಸ್ ಕಂಪ್ಯೂಟರನ್ನು ಕೇಳುತ್ತದೆ, ಅದು ಹುಡುಕಿ ತಂದ ಉತ್ತರ ಅದೇ ದಾರಿಯಲ್ಲಿ ವಾಪಸು ಬರುತ್ತದೆ. ಈ ನಡುವಿನವರಲ್ಲಿ ಒಬ್ಬರು ಮಲಗಿದರೂ ದಾರಿ ಎಲ್ಲ ಸರಿಯಿದ್ದು ಪುಟ ಮಾತ್ರ ಬರುವುದಿಲ್ಲ. ಕ್ರೋಮ್ ಬ್ರೌಸರು ಆಗ DNS_PROBE_FINISHED ಎಂದು ಶುರುವಾಗುವ ಸಾಲನ್ನೋ ERR_NAME_NOT_RESOLVED ಎಂಬುದನ್ನೋ ತೋರಿಸುತ್ತದೆ. ಕಣ್ಣು ತಪ್ಪಿಸುವ ಆ ಸಣ್ಣ ಅಕ್ಷರಗಳನ್ನು ಓದಿ. ERR_CONNECTION_TIMED_OUT ಎಂದಿದ್ದರೆ ಹೆಸರು ಸಿಕ್ಕಿದೆ, ಆ ವಿಳಾಸಕ್ಕೆ ಹೋಗಿ ಬರಲಾಗಿಲ್ಲ ಎಂದು.

ಡಿಎನ್‌ಎಸ್ ಕೆಟ್ಟಿದೆಯೇ ಎಂದು ಖಚಿತ ಮಾಡಿಕೊಳ್ಳಲು ಬೇರೊಬ್ಬರನ್ನು ಕೇಳಿ ನೋಡಬೇಕು:

```
nslookup kn.wikipedia.org
nslookup kn.wikipedia.org 8.8.8.8
```

ಮೊದಲನೆಯದು ಸೋತು, ಗೂಗಲ್‌ನ ಡಿಎನ್‌ಎಸ್ ಕೇಳಿದ ಎರಡನೆಯದು ಉತ್ತರ ತಂದರೆ ನಿಮ್ಮ ರೌಟರೋ ಕಂಪನಿಯ ಡಿಎನ್‌ಎಸ್ಸೋ ಮಲಗಿದೆ. ಆಗ ರೌಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿ. ಗುಣವಾಗದಿದ್ದರೆ ಕಂಪನಿ ಸರಿಮಾಡುವವರೆಗೆ ರೌಟರಿನ ಡಿಎಚ್‌ಸಿಪಿ ಪುಟದಲ್ಲಿ ಡಿಎನ್‌ಎಸ್ ಜಾಗದಲ್ಲಿ 1.1.1.1 ಮತ್ತು 8.8.8.8 ಬರೆಯಬಹುದು. ಒಂದೊಂದು ಫೋನಿನಲ್ಲೂ ಬದಲಿಸುವುದಕ್ಕಿಂತ ಇದು ಮೇಲು. ಆದರೆ ಮನೆಯೊಳಗಿನ ತಿಕ್ಕಾಟಕ್ಕೂ ಕಡಿದ ಫೈಬರಿಗೂ ಈ ಸಂಖ್ಯೆಗಳಿಂದ ಏನೂ ಪ್ರಯೋಜನವಿಲ್ಲ. ‘ಡಿಎನ್‌ಎಸ್ ಬದಲಿಸಿ’ ಎಂಬ ಸಲಹೆಯನ್ನು ಎಲ್ಲ ತೊಂದರೆಗೂ ಹಂಚುವವರು ಬಹಳ ಮಂದಿ ಇದ್ದಾರೆ, ಅದಕ್ಕೇ ಪರೀಕ್ಷೆ ಮೊದಲಾಗಬೇಕು.

ಒಬ್ಬರ ಫೋನಿನಲ್ಲಿ ಮಾತ್ರ ಹೆಸರುಗಳು ಸಿಗದಿದ್ದರೆ ಆ ಫೋನಿನ ಪ್ರೈವೇಟ್ ಡಿಎನ್‌ಎಸ್ ಸೆಟ್ಟಿಂಗ್ ನೋಡಿ. ಆಂಡ್ರಾಯ್ಡ್ 9ರಿಂದ ಇದು ಬಂದಿದೆ. ಜಾಹೀರಾತು ತಡೆಯಲೆಂದು ಯಾರೋ ಹೇಳಿಕೊಟ್ಟ ಹೆಸರನ್ನು ಅಲ್ಲಿ ಬರೆದು ಮರೆತಿರುತ್ತೇವೆ. ಆ ಸೇವೆ ನಿಂತ ದಿನ ಫೋನಿಗೆ ಯಾವ ವೈಫೈನಲ್ಲೂ, ಸಿಮ್ ಡೇಟಾದಲ್ಲೂ ಪುಟ ತೆರೆಯುವುದಿಲ್ಲ. ಅದನ್ನು ‘ಆಟೋಮ್ಯಾಟಿಕ್’ಗೆ ಇಟ್ಟರೆ ಸಾಕು.

ಡಿಎನ್‌ಎಸ್ ವಿಳಾಸವನ್ನು ಬೇರೆಯವರು ಕಳ್ಳತನದಿಂದ ಬದಲಿಸಿರಲೂಬಹುದು. ಡಿಎನ್‌ಎಸ್‌ಚೇಂಜರ್ ಎಂಬ ಕುತಂತ್ರಾಂಶ ನೂರಕ್ಕೂ ಹೆಚ್ಚು ದೇಶಗಳ ಸುಮಾರು 40 ಲಕ್ಷ ಕಂಪ್ಯೂಟರುಗಳಲ್ಲಿ ಹೊಕ್ಕು, ಅವು ತನ್ನವರ ಡಿಎನ್‌ಎಸ್ಸನ್ನೇ ಕೇಳುವಂತೆ ಮಾಡಿತ್ತು. ಅದರ ಹಿಂದಿದ್ದ ಎಸ್ಟೋನಿಯಾದ ತಂಡದ ಮೇಲೆ 2011ರ ನವೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆಯಿತು. ಆದರೆ ಕಳ್ಳರ ಡಿಎನ್‌ಎಸ್ ಯಂತ್ರಗಳನ್ನು ತಕ್ಷಣ ನಿಲ್ಲಿಸಿದರೆ ಅಷ್ಟೂ ಜನರ ಅಂತರಜಾಲ ಒಮ್ಮೆಲೇ ನಿಲ್ಲುತ್ತಿತ್ತು. ಅದಕ್ಕಾಗಿ ಅಮೆರಿಕದ ನ್ಯಾಯಾಲಯದ ಅನುಮತಿಯಿಂದ ಅವುಗಳ ಜಾಗದಲ್ಲಿ ಸಾಚಾ ಯಂತ್ರಗಳನ್ನು ತಿಂಗಳುಗಟ್ಟಲೆ ನಡೆಸಿ, 2012ರ ಜುಲೈ 9ರಂದು ಮುಚ್ಚಿದರು. ಅಷ್ಟರೊಳಗೆ ಸೆಟ್ಟಿಂಗ್ ಸರಿಮಾಡಿಕೊಳ್ಳದವರಿಗೆ ಅಂದಿನಿಂದ ಸಂಪರ್ಕವೆಲ್ಲ ಸರಿಯಿದ್ದೂ ಹೆಸರುಗಳು ಸಿಗದಾದವು. ರೌಟರಿನ ಅಡ್ಮಿನ್ ಪಾಸ್‌ವರ್ಡನ್ನು ಕಾರ್ಖಾನೆಯಿಂದ ಬಂದ ‘admin’ ಎಂದೇ ಬಿಟ್ಟಿರುವವರು ಇವತ್ತೇ ಬದಲಿಸಬೇಕು. ಡಿಎನ್‌ಎಸ್ ಜಾಗದಲ್ಲಿ ನೀವಾಗಲಿ ಕಂಪನಿಯಾಗಲಿ ಹಾಕದ ಸಂಖ್ಯೆ ಕಂಡರೆ ಅನುಮಾನಿಸಬೇಕು.

ಮನೆಯೊಳಗೆ ಎಲ್ಲ ಸರಿ, 1.1.1.1 ಮಾತ್ರ ಮುಟ್ಟುತ್ತಿಲ್ಲ ಎಂದಾದರೆ ಸೇವೆ ಕೊಡುವವರ ಕಡೆ ತಿರುಗಬೇಕು. ಮೊದಲು ಫೈಬರ್ ಬಾಕ್ಸಿನ ದೀಪ ನೋಡಿ. ಎಲ್‌ಒಎಸ್ ಎಂದು ಬರೆದಿರುವ ಕಡೆ ಕೆಂಪು ದೀಪ ಮಿನುಗುತ್ತಿದ್ದರೆ ಎಳೆಯಲ್ಲಿ ಬೆಳಕೇ ಬರುತ್ತಿಲ್ಲ: ಎಲ್ಲೋ ಕಡಿದಿದೆ, ಇಲ್ಲವೇ ಬಾಕ್ಸಿನ ಹಿಂದಿನ ಕನೆಕ್ಟರ್ ಸಡಿಲಾಗಿದೆ. ಎಳೆ ಮೊಳೆಗೋ ಕುರ್ಚಿ ಕಾಲಿಗೋ ಸಿಕ್ಕಿ ತೀರಾ ಬಾಗಿದ್ದರೆ ಬೆಳಕು ಪೂರ್ತಿ ನಿಲ್ಲದೆ ಕುಗ್ಗುತ್ತದೆ. ಬಾಕ್ಸಿನ ಸ್ಥಿತಿ ಪುಟದಲ್ಲಿ ಬರುವ ಬೆಳಕಿನ ಬಲವನ್ನು ಡಿಬಿಎಂ ಎಂಬ ಅಳತೆಯಲ್ಲಿ ತೋರಿಸಿರುತ್ತಾರೆ. ಅದು -15ರಿಂದ -25ರ ನಡುವೆ ಇದ್ದರೆ ನೆಮ್ಮದಿ. -27ರ ಆಚೆ ಹೋದರೆ ಬಾಕ್ಸಿಗೆ ಓದಲು ಕಷ್ಟ, ನೆಟ್ ಬಿಟ್ಟು ಬಿಟ್ಟು ಬರುತ್ತದೆ.

ಪಾನ್ ದೀಪ ಹಸಿರಾಗಿ ನಿಂತಿದ್ದರೂ ನೆಟ್ ಇಲ್ಲದಿರಬಹುದು. ಬೆಳಕು ಬಂದಿದೆ, ಆದರೆ ಕಂಪನಿಯ ಬಾಗಿಲು ತೆರೆದಿಲ್ಲ ಎಂದರ್ಥ. ಬಹಳ ಕಡೆ ಫೈಬರ್ ಸಂಪರ್ಕ ಪಿಪಿಪಿಒಇ ಎಂಬ ಪದ್ಧತಿಯಲ್ಲಿ ನಡೆಯುತ್ತದೆ. ಬಾಕ್ಸಿನೊಳಗೆ ಬರೆದಿಟ್ಟ ಯೂಸರ್ ಐಡಿ, ಪಾಸ್‌ವರ್ಡ್ ಕೊಟ್ಟ ಮೇಲೆ ಕಂಪನಿಯ ಯಂತ್ರ ಹೊರಗಿನ ವಿಳಾಸವೊಂದನ್ನು ಕೊಡುತ್ತದೆ. ರೌಟರಿನ ವ್ಯಾನ್ ಪುಟದಲ್ಲಿ ಆ ಜಾಗದಲ್ಲಿ 0.0.0.0 ಎಂದಿದ್ದರೆ ಲಾಗಿನ್ ಆಗಿಲ್ಲ. ರೀಚಾರ್ಜ್ ಮುಗಿದಿರಬಹುದು, ಹಿಂದಿನ ಸಂಪರ್ಕ ಕಂಪನಿಯ ಕಡೆ ಸಿಕ್ಕಿಹಾಕಿಕೊಂಡಿರಬಹುದು. ಅಲ್ಲಿ ಸರಿಯಾದ ವಿಳಾಸವಿದ್ದೂ ಹೊರಗೆ ಹೋಗದಿದ್ದರೆ ತೊಂದರೆ ಇನ್ನೂ ಆಚೆ. ಅದನ್ನು ನೋಡಲು `tracert -d 1.1.1.1` ಕೊಡಿ. ಮೊದಲ ಸಾಲು ನಿಮ್ಮ ರೌಟರ್. ನಂತರದ ಸಾಲುಗಳಲ್ಲಿ 10 ಅಥವಾ 100.64ರಂಥ ಸಂಖ್ಯೆಗಳಿಂದ ಶುರುವಾಗುವವು ಸಾಮಾನ್ಯವಾಗಿ ಕಂಪನಿಯ ಒಳಗಿನ ಯಂತ್ರಗಳು. ಮೊದಲ ಸಾಲಿನ ಬಳಿಕ ಬರೀ ನಕ್ಷತ್ರಗಳಾದರೆ ಮನೆಗೂ ಕಂಪನಿಗೂ ನಡುವೆ ತೊಡಕಿದೆ. ನಾಲ್ಕೈದು ಸಾಲು ದಾಟಿ ನಿಂತರೆ ಕಂಪನಿ ಮತ್ತು ಹೊರಲೋಕದ ನಡುವೆ. ನಡುವೆ ಒಂದೆರಡು ಸಾಲು ನಕ್ಷತ್ರವಿದ್ದು ಮುಂದಿನವು ಸರಿಯಾಗಿ ಬಂದಿದ್ದರೆ ಅದು ದೋಷವಲ್ಲ, ಕೆಲವು ಯಂತ್ರಗಳು ಇಂಥ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ ಅಷ್ಟೇ.

ಕೇಬಲ್ ಆಪರೇಟರುಗಳು ಕಂಬಕ್ಕೋ ಕಟ್ಟಡದ ಮೆಟ್ಟಿಲಡಿಗೋ ಸ್ವಿಚ್ ಪೆಟ್ಟಿಗೆ ಹಾಕಿ ಸಂಪರ್ಕ ಕೊಟ್ಟಿರುವ ಊರುಗಳಲ್ಲಿ ಇನ್ನೊಂದು ಕಾರಣವಿದೆ. ಕರೆಂಟು ಹೋದಾಗ ನಿಮ್ಮ ಯುಪಿಎಸ್‌ನಿಂದ ರೌಟರ್ ನಡೆಯುತ್ತಿರುತ್ತದೆ, ಕಡ್ಡಿಗಳೂ ಇರುತ್ತವೆ. ಬೀದಿಯ ಪೆಟ್ಟಿಗೆಯ ಬ್ಯಾಟರಿ ಮುಗಿದಿರುತ್ತದೆ. ಕರೆಂಟಿನ ಜೊತೆಗೇ ನೆಟ್ ಹೋಗಿ ಬರುತ್ತಿದ್ದರೆ ಆಪರೇಟರನಿಗೆ ಆ ಪೆಟ್ಟಿಗೆಯ ಬಗ್ಗೆಯೇ ಕೇಳಿ.

ಒಂದೇ ಒಂದು ತಾಣ ಬರದೆ ಉಳಿದೆಲ್ಲ ಬಂದರೆ ತಪ್ಪು ನಿಮ್ಮದೂ ಅಲ್ಲ, ನಿಮ್ಮ ಕಂಪನಿಯದೂ ಅಲ್ಲದಿರಬಹುದು. 2021ರ ಅಕ್ಟೋಬರ್ 4ರ ರಾತ್ರಿ ನಮ್ಮಲ್ಲಿ ಒಂಬತ್ತರ ಸುಮಾರಿಗೆ ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಮ್ ಮೂರೂ ಒಟ್ಟಿಗೆ ಹೋಗಿ ಸುಮಾರು ಆರು ಗಂಟೆ ಬರಲಿಲ್ಲ. ನಿರ್ವಹಣೆಯ ಹೊತ್ತಿನಲ್ಲಿ ಕೊಟ್ಟ ಒಂದು ಆಜ್ಞೆಯಿಂದ ಫೇಸ್‌ಬುಕ್‌ನ ಒಳಜಾಲವೇ ತುಂಡಾಗಿ, ಅದರ ಡಿಎನ್‌ಎಸ್ ಯಂತ್ರಗಳಿಗೆ ಹೋಗುವ ದಾರಿಗಳು ಅಂತರಜಾಲದಿಂದ ಮಾಯವಾಗಿದ್ದವು. ಯಾರ ಮನೆಯ ರೌಟರನ್ನು ಎಷ್ಟು ಸಲ ಆಫ್ ಮಾಡಿದ್ದರೂ ಫಲವಿರಲಿಲ್ಲ.

ಈ ಪರೀಕ್ಷೆಗಳ ಕಣ್ಣಿಗೆ ಬೀಳದ ಒಂದು ತೊಂದರೆಯೂ ಇದೆ. ಪಿಂಗ್ ಹೋಗುತ್ತದೆ, ಹೆಸರೂ ಸಿಗುತ್ತದೆ, ಕೆಲವು ತಾಣ ಬರುತ್ತವೆ, ಕೆಲವು ಮಾತ್ರ ಅರ್ಧಕ್ಕೆ ನಿಲ್ಲುತ್ತವೆ. ಒಂದು ಪೊಟ್ಟಣದಲ್ಲಿ ಸಾಮಾನ್ಯವಾಗಿ 1500 ಬೈಟ್ ಹಿಡಿಸುತ್ತದೆ, ಪಿಪಿಪಿಒಇ ಅದರಲ್ಲಿ 8 ಬೈಟ್ ತಾನೇ ಬಳಸಿಕೊಳ್ಳುತ್ತದೆ. ರೌಟರಿನ ಎಂಟಿಯು ಎಂಬ ಜಾಗದಲ್ಲಿ 1492 ಇರಬೇಕಾದಲ್ಲಿ 1500 ಎಂದಿದ್ದರೆ ದೊಡ್ಡ ಪೊಟ್ಟಣಗಳು ದಾರಿಯಲ್ಲೇ ಉಳಿದುಹೋಗಬಹುದು.

ದೂರು ಕೊಡುವಾಗ ‘ವೈಫೈ ಬರ್ತಿಲ್ಲ’ ಎನ್ನಬೇಡಿ. ಹಾಗೆಂದರೆ ಆ ಕಡೆಯಿಂದ ‘ರೀಸ್ಟಾರ್ಟ್ ಮಾಡಿ’ ಎಂಬ ಉತ್ತರವೇ ಬರುವುದು. ‘ಎಲ್‌ಒಎಸ್ ದೀಪ ಇಲ್ಲ, ಪಾನ್ ಹಸಿರಿದೆ, ವ್ಯಾನ್ ಐಪಿ 0.0.0.0 ತೋರಿಸುತ್ತಿದೆ’ ಎಂದರೆ ಕೇಳುವವರಿಗೆ ನೇರವಾಗಿ ಲಾಗಿನ್ ತೊಂದರೆ ಎಂದು ತಿಳಿಯುತ್ತದೆ. ‘ಐಪಿ ಬಂದಿದೆ, 8.8.8.8 ಪಿಂಗ್ ಆಗುತ್ತಿದೆ, ನಿಮ್ಮ ಡಿಎನ್‌ಎಸ್ ಉತ್ತರ ಕೊಡುತ್ತಿಲ್ಲ’ ಎಂದರೆ ಮನೆಗೆ ಹುಡುಗನನ್ನು ಕಳಿಸಿ ಬಾಕ್ಸ್ ಬದಲಿಸುವ ವ್ಯರ್ಥ ಕೆಲಸ ತಪ್ಪುತ್ತದೆ. ದೂರಿಗೆ ಡಾಕೆಟ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಟ್ರಾಯ್‌ನ 2012ರ ನಿಯಮಗಳಂತೆ ದೂರು ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅಲ್ಲಿಗೆ ಆ ನಂಬರ್ ಬೇಕು.

ಕೊನೆಯದಾಗಿ ಒಂದು ಎಚ್ಚರಿಕೆ. ಆಫ್ ಮಾಡಿ ಆನ್ ಮಾಡುವುದು ಬೇರೆ, ಬಾಕ್ಸಿನ ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ರೀಸೆಟ್ ಮಾಡುವುದು ಬೇರೆ. ರೀಸೆಟ್ ಮಾಡಿದರೆ ಒಳಗಿದ್ದ ಪಿಪಿಪಿಒಇ ಯೂಸರ್ ಐಡಿ, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ ಅಳಿಸಿಹೋಗಬಹುದು. ಅವಿಲ್ಲದೆ ಫೈಬರ್ ಎಷ್ಟೇ ಚೆನ್ನಾಗಿದ್ದರೂ ಸಂಪರ್ಕ ಬರುವುದಿಲ್ಲ. ನೆಟ್ ಚೆನ್ನಾಗಿರುವ ದಿನವೇ ಆಪರೇಟರನನ್ನು ಕೇಳಿ ಆ ಮೂರನ್ನೂ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ, ಚೀಟಿಯನ್ನು ಬಿಲ್ಲುಗಳ ಜೊತೆ ಇಡಿ. ಅದು ಕೈಯಲ್ಲಿರುವವರೆಗೆ ರೀಸೆಟ್ ತೂತಿಗೆ ಯಾರೂ ಪಿನ್ನು ಹಾಕದಂತೆ ಮನೆಯವರಿಗೆಲ್ಲ ಹೇಳಿಡಿ.